ಫೋಟೋದಲ್ಲಿ ಮೂರು ಕೆಂಪು ಚುಕ್ಕಿ: ಮಂಗಳ ಯಾವುದು, ಅದನ್ನು ಬರೆದು ಹೇಳುವುದು ಹೇಗೆ?

ಪ್ರಶ್ನೆ: ಸರ್, 2025ರ ಜನವರಿ 18, ಶನಿವಾರ ರಾತ್ರಿ 8ಕ್ಕೆ ನಮ್ಮ ಮಾಳಿಗೆ ಮೇಲೆ ನಿಂತು ಮೊಬೈಲಲ್ಲಿ ಪೂರ್ವದ ಆಕಾಶದ ಫೋಟೋ ತೆಗೆದೆ. ಅದರಲ್ಲಿ ಮೂರು ಕೆಂಪು ಚುಕ್ಕಿ ಇವೆ, ಒಂದು ದೊಡ್ಡ ಬಿಳಿ ಚುಕ್ಕಿ ಇದೆ, ಎಡಕ್ಕೆ ಮೇಲೆ ಒಂದು ಹಸಿರು ಚುಕ್ಕಿನೂ ಇದೆ. ಮಂಗಳ ಯಾವುದು? ವಾಟ್ಸ್ಯಾಪಲ್ಲಿ ಕಳಿಸಿದರೆ ನೋಡಿದವರು "ಬರೀ ಕಪ್ಪು ಕಾಣ್ತದ" ಅಂತಾರೆ. ಗೊತ್ತಿದ್ದವರಿಗೆ ಬರೆದು ಕೇಳೋಣ ಅಂದ್ರೆ ಏನು ಬರೀಬೇಕು ಅಂತಾನೇ ತಿಳಿಯೋದಿಲ್ಲ. — ಮುಧೋಳ ಕಡೆಯ ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಬರೀ ಕಪ್ಪು ಕಾಣುವುದರಲ್ಲಿ ನಿಮ್ಮ ತಪ್ಪಿಲ್ಲ. ಸಣ್ಣ ನಕ್ಷತ್ರ ಅಂದರೆ ಫೋಟೋದಲ್ಲಿ ಎರಡು ಮೂರು ಪಿಕ್ಸೆಲ್ ಅಷ್ಟೇ. ವಾಟ್ಸ್ಯಾಪ್ ಫೋಟೋವನ್ನು ಕುಗ್ಗಿಸುವಾಗ ಅವನ್ನು ಕಸ ಅಂತ ತಿಳಿದು ಸುತ್ತಲಿನ ಕಪ್ಪಿನ ಜೊತೆ ಕಲಸಿಬಿಡುತ್ತದೆ. ಫೋಟೋವನ್ನು 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿದರೆ ಮೂಲ ಚಿತ್ರವೇ ಹೋಗುತ್ತದೆ. ಆದರೂ ಬರೆದು ಹೇಳುವುದನ್ನು ಕಲಿತಿಡಿ. ಬರೆಯಲು ಕುಳಿತಾಗಲೇ ಅರ್ಧ ಉತ್ತರ ನಿಮಗೇ ಹೊಳೆಯುತ್ತದೆ.

ನಿಮ್ಮ ಪತ್ರದಲ್ಲಿ ದಿನ, ಹೊತ್ತು, ದಿಕ್ಕು ಮೂರೂ ಇವೆ. ಅಷ್ಟಕ್ಕೇ ನಿಮಗೆ ಅರ್ಧ ಮಾರ್ಕ್ಸ್ ಕೊಡಬಹುದು. ಆಕಾಶ ಗಡಿಯಾರದ ಹಾಗೆ. ಒಂದೇ ನಕ್ಷತ್ರ ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತದೆ. ತಿಂಗಳಿಗೆ ಅದು 2 ಗಂಟೆ ಆಗುತ್ತದೆ. ಹಾಗಾಗಿ "ರಾತ್ರಿ 8ಕ್ಕೆ ಪೂರ್ವದಲ್ಲಿ" ಅಂತಷ್ಟೇ ಹೇಳಿದರೆ ಸಾಲದು, ತಾರೀಕೂ ಬೇಕು. ಊರಿನ ಬಗ್ಗೆ ಇಷ್ಟು ಚಿಂತೆ ಬೇಡ. ಮುಧೋಳದಲ್ಲಿ ನಿಂತರೂ ಇಲ್ಲಿ ವಿಜಯಪುರದಲ್ಲಿ ನಿಂತರೂ ಆಕಾಶದಲ್ಲಿ ಕಣ್ಣಿಗೆ ಗೊತ್ತಾಗುವಂಥ ವ್ಯತ್ಯಾಸ ಇಲ್ಲ. ಜಿಲ್ಲೆಯ ಹೆಸರು ಹೇಳಿದರೆ ಸಾಕು.

ತೊಂದರೆ ಇರುವುದು ಆಮೇಲೆ. ನೀವು ನೇರ ಬಣ್ಣಕ್ಕೆ ಹೋಗಿದ್ದೀರಿ. ಎಲ್ಲರೂ ಮಾಡುವುದು ಅದೇ. ನಾನೂ ಮಾಡಿದ್ದೇನೆ. 2022ರ ಡಿಸೆಂಬರಿನಲ್ಲಿ ಒಬ್ಬ ಗೆಳೆಯ ಫೋನ್ ಮಾಡಿ "ರೋಹಿಣಿ ಹತ್ರ ಕೆಂಪಗೆ ಒಂದು ಚಿಕ್ಕಿ ಕಾಣಸ್ತದ, ಏನದು?" ಅಂತ ಕೇಳಿದ. "ಅದೇ ರೋಹಿಣಿ ಮಾರಾಯಾ, ಮಲಗು" ಅಂದುಬಿಟ್ಟೆ. ಆಗ ಮಂಗಳ ರೋಹಿಣಿ ಇರುವ ವೃಷಭ ರಾಶಿಯಲ್ಲೇ ಇತ್ತು, ರೋಹಿಣಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಹೊಳೆಯುತ್ತಿತ್ತು. "ಅಲ್ಲಿ ಕೆಂಪು ಚಿಕ್ಕಿ ಒಂದೋ ಎರಡೋ? ಯಾವುದು ದೊಡ್ಡದು?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವನು ಈಗಲೂ ಅದನ್ನು ಎತ್ತಿ ಆಡುತ್ತಾನೆ.

ಅಂದಿನಿಂದ ನನ್ನದು ಒಂದೇ ಕ್ರಮ. ಮೊದಲು ಜಾಗ, ಆಮೇಲೆ ಹೊಳಪು, ಕೊನೆಗೆ ಬಣ್ಣ. ಜಾಗ ಸುಳ್ಳು ಹೇಳುವುದಿಲ್ಲ. ಹೊಳಪು ಸ್ವಲ್ಪ ಸುಳ್ಳು ಹೇಳುತ್ತದೆ. ಬಣ್ಣವಂತೂ ಮೊಬೈಲಿನ ಕೈಯಲ್ಲಿದೆ.

ಅದೃಷ್ಟಕ್ಕೆ ಅದೇ ಶನಿವಾರ, ಹೆಚ್ಚೂಕಡಿಮೆ ಅದೇ ಹೊತ್ತಿಗೆ, ನಮ್ಮ ಮನೆ ಮೇಲಿಂದ ನಾನೂ ಪೂರ್ವದ ಫೋಟೋ ತೆಗೆದಿದ್ದೆ. ಮೊಬೈಲ್ ಉದ್ದಕ್ಕೆ ಹಿಡಿದು, ಸ್ವಲ್ಪ ಮೇಲಕ್ಕೆ ವಾಲಿಸಿ. ಅದನ್ನೇ ಇಟ್ಟುಕೊಂಡು ತೋರಿಸುತ್ತೇನೆ. ನಿಮ್ಮದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಫೋಟೋವನ್ನು ಮನಸ್ಸಿನಲ್ಲೇ ಅಡ್ಡಕ್ಕೆ ಹತ್ತು ಭಾಗ, ಉದ್ದಕ್ಕೆ ಹತ್ತು ಭಾಗ ಮಾಡಿ. ಪ್ರತಿ ಚುಕ್ಕಿಗೂ "ಎಡದಿಂದ ಇಷ್ಟು, ಮೇಲಿಂದ ಇಷ್ಟು" ಅಂತ ಎರಡು ಅಂಕಿ ಬರೆಯಿರಿ. ನನ್ನ ಫೋಟೋದಲ್ಲಿ ಮೊದಲನೇ ಕೆಂಪು ಚುಕ್ಕಿ ಎಡದಿಂದ 5, ಮೇಲಿಂದ 1. ಅದರ ಎಡಪಕ್ಕದಲ್ಲೇ, ಎಡದಿಂದ 4 ಮೇಲಿಂದ 1ರಲ್ಲಿ, ನೀವು ಹೇಳಿದ ದೊಡ್ಡ ಬಿಳಿ ಚುಕ್ಕಿ. ಎರಡನೇ ಕೆಂಪು ಎಡದಿಂದ 6, ಮೇಲಿಂದ 4. ಮೂರನೆಯದು ಎಡ ಅಂಚಿನ ಹತ್ತಿರ, ಎಡದಿಂದ ಒಂದೂವರೆ, ಮೇಲಿಂದ 7. ನೀವು ಮೊಬೈಲ್ ಹಿಡಿದ ರೀತಿ ಬೇರೆ ಇದ್ದರೆ ನಿಮ್ಮ ಅಂಕಿಗಳು ಬೇರೆ ಬರುತ್ತವೆ, ಚಿಂತೆಯಿಲ್ಲ. ಯಾವುದರ ಮೇಲೆ ಯಾವುದು, ಯಾವುದರ ಎಡಕ್ಕೆ ಯಾವುದು ಅನ್ನುವುದು ಬದಲಾಗುವುದಿಲ್ಲ.

ಇದರ ಜೊತೆ ಎರಡು ಮಾತು ಬರೆಯಲೇಬೇಕು. ಒಂದು, ಫೋಟೋದ ಕೆಳಭಾಗ ನೆಲದ ಕಡೆ ಇದೆಯೋ ಇಲ್ಲವೋ. ನನ್ನ ಫೋಟೋದಲ್ಲಿ ಕೆಳಗೆ ನೀರಿನ ಟಾಕಿಯ ಮೂಲೆ ಕಾಣುತ್ತದೆ, ಹಾಗಾಗಿ ಗೊಂದಲ ಇಲ್ಲ. ನೆತ್ತಿಯ ಮೇಲಿನ ಆಕಾಶ ತೆಗೆದರೆ ಮೇಲೆ ಕೆಳಗೆ ಅನ್ನುವುದೇ ಇರುವುದಿಲ್ಲ. ಆಗ "ಫೋಟೋದ ಮೇಲಂಚು ಉತ್ತರಕ್ಕಿದೆ" ಅಂತ ಹೇಳಬೇಕು. ಎರಡು, ಮುಂದಿನ ಕ್ಯಾಮೆರಾ, ಅಂದರೆ ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ದೀರೋ ಅನ್ನುವುದು. ಕೆಲವು ಮೊಬೈಲುಗಳು ಅದನ್ನು ಕನ್ನಡಿಯ ಹಾಗೆ ಎಡಬಲ ತಿರುಗಿಸಿ ಇಡುತ್ತವೆ. ಅಂಥ ಫೋಟೋ ಇಟ್ಟುಕೊಂಡು ಅರ್ಧ ಗಂಟೆ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಇನ್ನು ದೂರ. "ಹತ್ತಿರ", "ಒಂದು ಗೇಣು ದೂರ" ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಆಕಾಶದಲ್ಲಿ ಅಳತೆ ಡಿಗ್ರಿಯಲ್ಲಿ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ನಡುವಿನ ಮೂರು ಬೆರಳು ಸೇರಿದರೆ 5 ಡಿಗ್ರಿ, ಕಿರುಬೆರಳು 1 ಡಿಗ್ರಿ. ಮಕ್ಕಳ ಕೈ ಚಿಕ್ಕದು, ತೋಳೂ ಗಿಡ್ಡ, ಹಾಗಾಗಿ ಅವರಿಗೂ ಇದೇ ಲೆಕ್ಕ ನಡೆಯುತ್ತದೆ. ಫೋಟೋದಲ್ಲಿ ಅಳೆಯಬೇಕೆಂದರೆ ಅದರೊಳಗೇ ಒಂದು ಅಳತೆಗೋಲು ಹುಡುಕಿ. ನನ್ನ ಫೋಟೋದಲ್ಲಿ ಬಲಕ್ಕೆ, ಎರಡನೇ ಕೆಂಪು ಚುಕ್ಕಿಯಿಂದ ಸ್ವಲ್ಪ ಆಚೆ, ಮೂರು ಚುಕ್ಕಿಗಳು ಒಂದರ ಮೇಲೊಂದು ನಿಂತಿವೆ. ಒಂದೇ ಅಂತರ, ಹೆಚ್ಚುಕಡಿಮೆ ಒಂದೇ ಹೊಳಪು. ಅದು ಮಹಾವ್ಯಾಧ ಅನ್ನುವ ನಕ್ಷತ್ರಪುಂಜದ ನಡುಪಟ್ಟಿ. ತುದಿಯಿಂದ ತುದಿಗೆ ಮೂರು ಡಿಗ್ರಿಗೆ ಸ್ವಲ್ಪ ಕಡಿಮೆ. ಇಂಥದ್ದು ಒಂದು ಸಿಕ್ಕರೆ ಉಳಿದದ್ದನ್ನೆಲ್ಲ "ಮೂರು ಚುಕ್ಕಿಯ ಪಟ್ಟಿಯ ಇಷ್ಟು ಪಟ್ಟು" ಅಂತ ಹೇಳಬಹುದು.

ಒಂದೇ ಎಚ್ಚರಿಕೆ. ಮೊಬೈಲಿನ ಲೆನ್ಸ್ ಅಗಲದ ನೋಟದ್ದು, ಫೋಟೋದ ಅಂಚುಗಳನ್ನು ಎಳೆದು ಹಿಗ್ಗಿಸುತ್ತದೆ. ಉದ್ದದ ತುದಿಗಳಲ್ಲಿ ಒಂದೇ ಅಂತರ ನಡುವಿಗಿಂತ ಒಂದೂಕಾಲು, ಒಂದೂವರೆ ಪಟ್ಟು ದೊಡ್ಡದಾಗಿ ಕಾಣಬಹುದು. ಹಾಗಾಗಿ ನಡುವಿನ ಅಳತೆಗೋಲನ್ನು ಮೂಲೆಗೆ ಒಯ್ಯಬೇಡಿ. ಹತ್ತಿರ ಹತ್ತಿರದ ಚುಕ್ಕಿಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ.

ಮೂರನೇ ಕೆಂಪು ಚುಕ್ಕಿಯಲ್ಲಿ ಇದನ್ನೇ ಮಾಡೋಣ. ನಿಮ್ಮ ಫೋಟೋದಲ್ಲಿ ಅದನ್ನು ದೊಡ್ಡದು ಮಾಡಿ ನೋಡಿ. ಅದರ ಎಡಕ್ಕೆ, ಸ್ವಲ್ಪ ಮೇಲೆ, ಒಂದು ಚುಕ್ಕಿ. ಅದೇ ಓರೆಯಲ್ಲಿ ಇನ್ನೂ ಎಡಕ್ಕೆ, ಇನ್ನೂ ಮೇಲೆ, ಮತ್ತೊಂದು. ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ. ಎಡದ ಎರಡು ಚುಕ್ಕಿಗಳ ನಡುವಿನ ಅಂತರ ಎಷ್ಟಿದೆಯೋ, ಕೆಂಪು ಚುಕ್ಕಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದೂರದಲ್ಲಿದೆ. ಈ ಒಂದು ಮಾತು ಬರೆದಿದ್ದರೆ ಫೋಟೋ ನೋಡದೆಯೇ ಉತ್ತರ ಹೇಳುತ್ತಿದ್ದೆ. ಎಡದ ಜೋಡಿ ಪುನರ್ವಸು, ಅಂದರೆ ಕ್ಯಾಸ್ಟರ್ ಮತ್ತು ಪೊಲಕ್ಸ್. ಅವೆರಡರ ನಡುವೆ ನಾಲ್ಕೂವರೆ ಡಿಗ್ರಿ. ನಕ್ಷೆಯಲ್ಲಿ ಅವುಗಳ ಗೆರೆಯ ಮೇಲೆ, ಆ ದೂರದಲ್ಲಿ, ಅಂಥ ಹೊಳಪಿನ ನಕ್ಷತ್ರ ಯಾವುದೂ ಇಲ್ಲ. ನಕ್ಷೆಯಲ್ಲಿ ಇಲ್ಲದ್ದು ಆಕಾಶದಲ್ಲಿ ಇದೆ ಅಂದರೆ ಅದು ಗ್ರಹ. ನಿಮ್ಮ ಮಂಗಳ ಅದೇ.

ಉಳಿದೆರಡು? ಇಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಮಳೆಗಳ ಹೆಸರು ನಿಮಗೆ ಬಾಯಿಪಾಠ ಅಲ್ವಾ? ಕೃತ್ತಿಕೆ, ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು. ಮೇ ಎರಡನೇ ವಾರದಿಂದ ಜುಲೈವರೆಗೆ ಸೂರ್ಯ ಆ ನಕ್ಷತ್ರಗಳ ಕಡೆ ಇರುತ್ತಾನೆ, ಅದಕ್ಕೇ ಆ ಮಳೆಗಳಿಗೆ ಆ ಹೆಸರು. ಸೂರ್ಯನ ಜೊತೆ ಇರುವಾಗ ಅವು ಕಾಣುವುದಿಲ್ಲ. ಆರು ತಿಂಗಳು ಕಳೆದ ಮೇಲೆ, ಚಳಿಗಾಲದ ರಾತ್ರಿಯಲ್ಲಿ, ಪೂರ್ವದಲ್ಲಿ ಒಂದೊಂದಾಗಿ ಏಳುತ್ತವೆ. ಯಾವುದರ ಮಳೆ ಮೊದಲೋ ಅದೇ ಮೊದಲು ಹುಟ್ಟುತ್ತದೆ, ಅದೇ ಮೇಲಿರುತ್ತದೆ. ನಿಮ್ಮ ಫೋಟೋವನ್ನು ಮೇಲಿಂದ ಕೆಳಕ್ಕೆ ಮಳೆಯ ಪಟ್ಟಿಯ ಹಾಗೆ ಓದಬಹುದು. ಎಲ್ಲಕ್ಕಿಂತ ಮೇಲಿನ ಕೆಂಪು ರೋಹಿಣಿ. ನಡುವಿನದು ಆರಿದ್ರಾ, ಇಂಗ್ಲಿಷ್ ಪುಸ್ತಕಗಳ ಬೀಟಲ್‌ಜ್ಯೂಸ್. ಅದರ ಸ್ವಲ್ಪ ಮೇಲೆ ಸಣ್ಣ ಚುಕ್ಕಿಗಳ ಒಂದು ಗುಂಪು ಮಸುಕಾಗಿ ಕಂಡರೆ ಅದೇ ಮಿರಗ. ಕೆಳಗೆ ಎಡಕ್ಕೆ ಪುನರ್ವಸು, ಅದಕ್ಕೆ ಅಂಟಿಕೊಂಡಂತೆ ಮಂಗಳ. ಕೃತ್ತಿಕೆ ನೆತ್ತಿಯ ಹತ್ತಿರ ಹೋಗಿಬಿಟ್ಟಿರುತ್ತದೆ, ನನ್ನ ಫೋಟೋದಲ್ಲಿ ಅದು ಸಿಕ್ಕಿಲ್ಲ.

ರೋಹಿಣಿಯ ಎಡಕ್ಕೆ, ಮೂರು ಬೆರಳಿನಷ್ಟು ದೂರದಲ್ಲಿರುವ ದೊಡ್ಡ ಬಿಳಿ ಚುಕ್ಕಿ ಗುರು ಗ್ರಹ.

ಈಗ ಹೊಳಪು. "ತುಂಬಾ ಹೊಳೀತದ" ಅಂತ ಬರೆಯಬೇಡಿ. ಸಾಲಾಗಿ ನಿಲ್ಲಿಸಿ. ಫೋಟೋದಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು, ಎರಡನೆಯದು ಯಾವುದು, ಮೂರನೆಯದು ಯಾವುದು. ಸುಮಾರು ಐದರವರೆಗೆ ಹೋದರೆ ಸಾಕು. ನನ್ನದರಲ್ಲಿ ಗುರು ಮೊದಲು, ಮಂಗಳ ಎರಡನೆಯದು. ಆಮೇಲೆ ಬಲ ಅಂಚಿನ ಹತ್ತಿರದ ನೀಲಿ ಛಾಯೆಯ ರೈಜೆಲ್, ಕೆಳಗೆ ನಡುವಿನಲ್ಲಿರುವ ಪ್ರೋಸಿಯಾನ್, ಆರಿದ್ರಾ. ಇವು ಮೂರೂ ಹತ್ತಿರ ಹತ್ತಿರ. ರೋಹಿಣಿ ಅವುಗಳ ಹಿಂದೆ. ಲುಬ್ಧಕ ನಕ್ಷತ್ರ ನನ್ನ ಫೋಟೋದ ಬಲ ಅಂಚಿನಿಂದ ಸ್ವಲ್ಪದರಲ್ಲಿ ಹೊರಗುಳಿದಿದೆ. ನಿಮ್ಮದರಲ್ಲಿ ಬಂದಿದ್ದರೆ ಅದು ಮಂಗಳಕ್ಕೆ ಸರಿಸಮ ಕಾಣುತ್ತದೆ.

ಖಗೋಳದವರು ಹೊಳಪನ್ನು ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ, ಒಂದು ಅಂಕಿಗೆ ಎರಡೂವರೆ ಪಟ್ಟು. ಆ ದಿನ ಗುರು ಸುಮಾರು -2.6, ಮಂಗಳ ಸುಮಾರು -1.4. ಪಕ್ಕದ ಪೊಲಕ್ಸ್ 1.1. ಅಂದರೆ ಮಂಗಳ ತನ್ನ ನೆರೆಯ ನಕ್ಷತ್ರಕ್ಕಿಂತ ಹತ್ತು ಪಟ್ಟು ಹೊಳೆಯುತ್ತಿತ್ತು. ಆ ಜನವರಿ 16ರಂದು ಭೂಮಿ ಸೂರ್ಯನಿಗೂ ಮಂಗಳಕ್ಕೂ ನಡುವೆ ಬಂದಿತ್ತು, ಮಂಗಳ ನಮಗೆ ಹತ್ತಿರ ಇತ್ತು, ಅದಕ್ಕೇ ಅಷ್ಟು ಹೊಳಪು.

ಆದರೆ ಫೋಟೋದಲ್ಲಿ ಈ ಹತ್ತು ಪಟ್ಟು ಹತ್ತು ಪಟ್ಟಾಗಿ ಕಾಣುವುದಿಲ್ಲ. ದೊಡ್ಡ ಚುಕ್ಕಿಗಳ ನಡುಭಾಗ ಕ್ಯಾಮೆರಾಗೆ ಮಿತಿಮೀರಿ ಬೆಳಕು ಕೊಟ್ಟು ಬರೀ ಬಿಳಿಯಾಗಿಬಿಡುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಿದರೆ ಹೊರಗೆ ಚೆಲ್ಲುವ ಹಾಗೆ ಬೆಳಕು ಪಕ್ಕದ ಪಿಕ್ಸೆಲ್‌ಗಳಿಗೆ ಹರಡುತ್ತದೆ. ಹಾಗಾಗಿ ಎಷ್ಟು ಬೆಳ್ಳಗಿದೆ ಅಂತ ನೋಡಬೇಡಿ, ಬೊಟ್ಟು ಎಷ್ಟು ದಪ್ಪ ಇದೆ ಅಂತ ನೋಡಿ. ಇನ್ನೊಂದು ಮಾತು. ಕೆಳಗಿರುವ ನಕ್ಷತ್ರದ ಬೆಳಕು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ನಿಮ್ಮ ಕಡೆ ಜನವರಿ ಅಂದರೆ ಕಬ್ಬು ಅರೆಯುವ ಕಾಲ, ಕಾರ್ಖಾನೆಯ ಬೆಳಕು, ಸುಟ್ಟ ರವದಿಯ ಹೊಗೆ ಎರಡೂ ದಿಗಂತದ ಹತ್ತಿರ ನಿಂತಿರುತ್ತವೆ. ಕೆಳಗಿನ ಚುಕ್ಕಿ ಮಂಕಾಗಿ ಕಂಡರೆ "ಇದು ತೀರಾ ಕೆಳಗಿದೆ" ಅಂತ ಪಕ್ಕದಲ್ಲೇ ಬರೆದುಬಿಡಿ.

ದಿಕ್ಕು ಬಿಟ್ಟು ಹೊಳಪು ಮಾತ್ರ ಹೇಳಿದರೆ ಏನಾಗುತ್ತದೆ ಅನ್ನುವುದಕ್ಕೂ ಆ ಸಂಜೆಯೇ ಉದಾಹರಣೆ. "ಆಕಾಶದಲ್ಲಿ ಎಲ್ಲಕ್ಕಿಂತ ದೊಡ್ಡ ಚುಕ್ಕಿ" ಅಂತ ನೀವು ಬರೆದಿದ್ದರೆ ನಾನು ಶುಕ್ರ ಅನ್ನುತ್ತಿದ್ದೆ. ಅದೇ ಹೊತ್ತಿಗೆ ನಿಮ್ಮ ಬೆನ್ನ ಹಿಂದೆ, ಪಶ್ಚಿಮದಲ್ಲಿ, ಬೆಳ್ಳಿ ಚಿಕ್ಕಿ ಗುರುವಿಗಿಂತ ಎಷ್ಟೋ ಪಟ್ಟು ಹೊಳೆಯುತ್ತಿತ್ತು, ಅದರ ಪಕ್ಕದಲ್ಲಿ ಶನಿ ಮಂಕಾಗಿ ಕೂತಿತ್ತು.

ಬಣ್ಣವನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಇದೆ. ಮೊಬೈಲ್ ತನಗೆ ತೋಚಿದಂತೆ ಬಣ್ಣ ಹೊಂದಿಸುತ್ತದೆ. ಹತ್ತಿರ ಹಳದಿ ಬೀದಿದೀಪ ಇದ್ದರೆ ಇಡೀ ಆಕಾಶಕ್ಕೆ ನೀಲಿ ಬಳಿಯುತ್ತದೆ, ಇಲ್ಲದಿದ್ದರೆ ಕಂದು ಬಳಿಯುತ್ತದೆ. ಹಾಗಾಗಿ ಒಂದು ಚುಕ್ಕಿಯ ಬಣ್ಣ ಒಂದನ್ನೇ ಹೇಳಿದರೆ ಪ್ರಯೋಜನ ಇಲ್ಲ, ಇನ್ನೊಂದರ ಜೊತೆ ಹೋಲಿಸಿ ಹೇಳಬೇಕು. ನಿಮ್ಮ ಫೋಟೋದಲ್ಲೇ ಪರೀಕ್ಷೆ ಮಾಡಲು ಜೋಡಿ ಇದೆ. ಆರಿದ್ರಾ ಕಿತ್ತಳೆ, ನಡುಪಟ್ಟಿಯ ಆಚೆ ಬದಿಯ ರೈಜೆಲ್ ನೀಲಿಬಿಳಿ. ಇವೆರಡರ ನಡುವೆ ವ್ಯತ್ಯಾಸ ಕಾಣುತ್ತಿದ್ದರೆ ಫೋಟೋದ ಬಣ್ಣವನ್ನು ನಂಬಬಹುದು. ಎರಡೂ ಒಂದೇ ಥರ ಹಳದಿಯಾಗಿದ್ದರೆ ಬಣ್ಣದ ಮಾತನ್ನೇ ಬಿಟ್ಟುಬಿಡಿ.

ನೋಡುವಾಗ ಚುಕ್ಕಿಯ ನಡುಭಾಗ ನೋಡಬೇಡಿ, ಅಂಚು ನೋಡಿ. ನಡುವಿನ ಬಣ್ಣ ತೊಳೆದುಹೋಗಿರುತ್ತದೆ, ಅಂಚಿನ ಉಂಗುರದಲ್ಲಿ ಮಾತ್ರ ಉಳಿದಿರುತ್ತದೆ. ನನ್ನ ಫೋಟೋದಲ್ಲಿ ಮಂಗಳದ ನಡುಭಾಗ ಪೂರ್ತಿ ಬಿಳಿ. ಸುತ್ತ ಎರಡು ಪಿಕ್ಸೆಲ್ ಅಗಲದ ಕಿತ್ತಳೆ ಅಂಚು, ಅಷ್ಟೇ. ಅದಕ್ಕಿಂತ ಎಷ್ಟೋ ಮಂಕಾದ ರೋಹಿಣಿಯೇ ಹೆಚ್ಚು ಕೆಂಪಗೆ ಕಾಣುತ್ತದೆ! ಬಣ್ಣದಿಂದ ಶುರು ಮಾಡಿದವರು ಇಲ್ಲಿ ರೋಹಿಣಿಯನ್ನೇ ಮಂಗಳ ಅಂದುಬಿಡುತ್ತಾರೆ. ಬಣ್ಣ ಚೆನ್ನಾಗಿ ಬರಬೇಕೆಂದರೆ ಇನ್ನೊಂದು ಫೋಟೋವನ್ನು ಫೋಕಸ್ ಸ್ವಲ್ಪ ತಪ್ಪಿಸಿ ತೆಗೆಯಿರಿ. ಬೆಳಕು ಹರಡಿ ಪುಟ್ಟ ಬಿಲ್ಲೆಯಾಗುತ್ತದೆ, ಬಣ್ಣ ತುಂಬಿಕೊಂಡು ಕಾಣುತ್ತದೆ.

ಇಷ್ಟನ್ನೂ ಸೇರಿಸಿದರೆ ನಿಮ್ಮ ಪತ್ರ ಹೀಗೆ ಆಗುತ್ತದೆ:

"2025 ಜನವರಿ 18, ರಾತ್ರಿ 8, ಬಾಗಲಕೋಟೆ ಜಿಲ್ಲೆ. ಪೂರ್ವಕ್ಕೆ ಮುಖ, ಮೊಬೈಲ್ ಉದ್ದಕ್ಕೆ, ಹಿಂದಿನ ಕ್ಯಾಮೆರಾ, ನೆಲ ಕೆಳಗೆ. ಎಡದಿಂದ ಒಂದೂವರೆ ಮೇಲಿಂದ 7ರಲ್ಲಿ ಒಂದು ಚುಕ್ಕಿ. ಫೋಟೋದಲ್ಲಿ ಹೊಳಪಿನಲ್ಲಿ ಎರಡನೆಯದು, ಅಂಚು ಕಿತ್ತಳೆ. ಅದರ ಎಡಕ್ಕೆ ಓರೆಯಾಗಿ ಮೇಲಕ್ಕೆ ಎರಡು ಬಿಳಿ ಚುಕ್ಕಿ, ಮೂರೂ ಒಂದೇ ಗೆರೆ. ಹೊಳಪಿನಲ್ಲಿ ಮೊದಲನೆಯದು ಎಡದಿಂದ 4 ಮೇಲಿಂದ 1ರಲ್ಲಿ, ಬಿಳಿ."

ನಾಲ್ಕೈದು ಸಾಲು. ಇದನ್ನು ಓದಿದವರು ಮೊಬೈಲಿನಲ್ಲಿ ಸ್ಟೆಲೇರಿಯಂ ಅನ್ನುವ ಆಕಾಶನಕ್ಷೆಯ ಆ್ಯಪ್ ತೆರೆದು ಆ ತಾರೀಕು, ಆ ಹೊತ್ತು ಹಾಕಿದರೆ ಎರಡು ನಿಮಿಷದಲ್ಲಿ ಉತ್ತರ ಹೇಳುತ್ತಾರೆ. ನೀವೇ ಹಾಕಿ ನೋಡಬಹುದು.

ನನ್ನ ಮಾತಿನ ಮೇಲೆ ಅನುಮಾನ ಇದ್ದರೆ ಮಂಗಳವನ್ನೇ ಕೇಳಿ. ಅದೇ ಸ್ಟೆಲೇರಿಯಂನಲ್ಲಿ 2025ರ ಜನವರಿ 28 ಹಾಕಿ ನೋಡಿ, ಆದರೆ ರಾತ್ರಿ 8ಕ್ಕಲ್ಲ, 7 ಗಂಟೆ 20 ನಿಮಿಷಕ್ಕೆ. ಹತ್ತು ದಿನಕ್ಕೆ ದಿನಾ 4 ನಿಮಿಷದಂತೆ 40 ನಿಮಿಷ ಕಳೆದಿದ್ದೇವೆ, ಹಾಗಾಗಿ ನಕ್ಷತ್ರಗಳೆಲ್ಲ ಹಳೆಯ ಜಾಗದಲ್ಲೇ ಇರುತ್ತವೆ. ರೋಹಿಣಿ, ಆರಿದ್ರಾ, ಪುನರ್ವಸು ಕದಲಿರುವುದಿಲ್ಲ. ಗುರು ಕೂಡ ಆ ದಿನಗಳಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ಇತ್ತು. ಆ ಕಿತ್ತಳೆ ಚುಕ್ಕಿ ಮಾತ್ರ ಸುಮಾರು 4 ಡಿಗ್ರಿ ಮೇಲಕ್ಕೆ, ಅಂದರೆ ಪಶ್ಚಿಮದ ಕಡೆ, ಸರಿದಿರುತ್ತದೆ. ಮೂರು ಚುಕ್ಕಿಯ ಗೆರೆ ಮುರಿದು ತ್ರಿಕೋನ ಆಗಿರುತ್ತದೆ.

ಹಸಿರು ಚುಕ್ಕಿ ಉಳಿಯಿತು. ಬರಿಗಣ್ಣಿಗೆ ಹಸಿರಾಗಿ ಕಾಣುವ ನಕ್ಷತ್ರ ಇಲ್ಲ. ನಿಮ್ಮ ಫೋಟೋದಲ್ಲಿ ಬಲಕ್ಕೆ ಕೆಳಗೆ ಒಂದು ದೀಪ ಬಂದಿದೆಯಾ ನೋಡಿ. ಕಂಬದ್ದೋ, ಪಕ್ಕದ ಮನೆಯದೋ. ಆ ದೀಪದಿಂದ ಫೋಟೋದ ಸರಿ ನಡುವಿಗೆ ಒಂದು ಗೆರೆ ಎಳೆದು ಅಷ್ಟೇ ದೂರ ಆಚೆ ಮುಂದುವರಿಸಿ. ನಿಮ್ಮ ಹಸಿರು ಚುಕ್ಕಿ ಅಲ್ಲೇ ಸಿಕ್ಕರೆ ಅದು ಲೆನ್ಸಿನ ಒಳಗೆ ದೀಪದ ಬೆಳಕು ಪುಟಿದು ಬಿದ್ದ ನೆರಳುಚುಕ್ಕಿ. ಮೊಬೈಲನ್ನು ಸ್ವಲ್ಪ ತಿರುಗಿಸಿ ಮತ್ತೆ ತೆಗೆದರೆ ನಕ್ಷತ್ರಗಳೆಲ್ಲ ಒಟ್ಟಿಗೆ ಒಂದು ಕಡೆ ಸರಿಯುತ್ತವೆ, ಅದೊಂದು ಎದುರು ದಿಕ್ಕಿಗೆ ಓಡುತ್ತದೆ. ದೀಪಕ್ಕೆ ಒಂದು ರಟ್ಟು ಅಡ್ಡ ಹಿಡಿದರೆ ಮಾಯ.